ಎಳ್ಳು ಎಷ್ಟು, ಬೆಲ್ಲ ಎಂಥದ್ದು?

ಡಿಸೆಂಬರ್ ಕೊನೆಯ ವಾರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಂಕ್ರಾಂತಿಯ ಗಿಫ್ಟ್ ಬಾಕ್ಸ್‌ಗಳ ಫೋಟೊ ಬರಲು ಶುರುವಾಗುತ್ತವೆ. ಮನೆಯಲ್ಲೇ ತಿಂಡಿ ಮಾಡಿ ಮಾರುವವರ ಪಾಲಿಗೆ ವರ್ಷದಲ್ಲೇ ಹೆಚ್ಚು ಕೈತುಂಬ ಕೆಲಸ ಸಿಗುವ ದಿನಗಳಿವು. ಫೋಟೊಗಳು ಚೆನ್ನಾಗಿರುತ್ತವೆ. ಅದರ ಕೆಳಗಿನ ಬರಹ ಮಾತ್ರ ಎಲ್ಲರದೂ ಹೆಚ್ಚುಕಡಿಮೆ ಒಂದೇ: ಅಜ್ಜಿಯ ಕೈರುಚಿ, ಪ್ರೀತಿಯಿಂದ ಮಾಡಿದ್ದು, ಶುದ್ಧ, ಸಾಂಪ್ರದಾಯಿಕ, ಆರೋಗ್ಯಕರ, ಇಂದೇ ಆರ್ಡರ್ ಮಾಡಿ. ಇದನ್ನು ಓದಿದವರು ಆರ್ಡರ್ ಮಾಡುವುದಿಲ್ಲ, ಫೋನ್ ಮಾಡುತ್ತಾರೆ. ಎಷ್ಟು ಮನೆಗೆ ಬರುತ್ತೆ? ಬೆಲ್ಲ ಯಾವುದು? ಬಿಳಿ ಎಳ್ಳೋ ಕರಿ ಎಳ್ಳೋ? ಎಷ್ಟು ದಿನ ಇಡಬಹುದು? ಮಗುವಿಗೆ ಶೇಂಗಾ ಆಗಲ್ಲ, ಅದಿಲ್ಲದೆ ಸಿಗುತ್ತಾ? ಒಲೆಯ ಮುಂದೆ ನಿಂತು ಎಳ್ಳು ಹುರಿಯುತ್ತಿರುವವರು ಇದೇ ಉತ್ತರವನ್ನು ದಿನಕ್ಕೆ ಎಷ್ಟೋ ಸಲ ಹೇಳಬೇಕಾಗುತ್ತದೆ. ಹುರಿಯುವಾಗ ಎರಡು ನಿಮಿಷ ಗಮನ ತಪ್ಪಿದರೂ ಎಳ್ಳು ಕಹಿಯಾಗುತ್ತದೆ ಎಂಬುದನ್ನು ಮಾಡಿದವರೇ ಬಲ್ಲರು.

ಆ ಫೋನಿನ ಪ್ರಶ್ನೆಗಳಿಗೆ ಉತ್ತರ ಬರೆದರೆ ಅದೇ ಒಳ್ಳೆಯ ವಿವರಣೆ. ಹೇಗೆಂದು ಒಂದು ಬಾಕ್ಸನ್ನೇ ಮುಂದಿಟ್ಟುಕೊಂಡು ನೋಡೋಣ. ಅದರಲ್ಲಿ 500 ಗ್ರಾಂ ಎಳ್ಳುಬೆಲ್ಲ, 10 ಸಕ್ಕರೆ ಅಚ್ಚು, 10 ಎಳ್ಳುಂಡೆ ಇವೆ ಎಂದಿಟ್ಟುಕೊಳ್ಳಿ. ಅಚ್ಚು ತಲಾ 15 ಗ್ರಾಂ, ಉಂಡೆ ತಲಾ 25 ಗ್ರಾಂ. ಒಟ್ಟು 900 ಗ್ರಾಂ ತಿನ್ನುವ ಪದಾರ್ಥ. ತಗಡಿನ ಡಬ್ಬಿ, ರಿಬ್ಬನ್, ಹೊರಗಿನ ರಟ್ಟಿನ ಪೆಟ್ಟಿಗೆ ಎಲ್ಲ ಸೇರಿ ತೂಗಿದರೆ ಒಂದೂಕಾಲು ಕಿಲೋ ದಾಟಬಹುದು. ಆದರೆ ವಿವರಣೆಯಲ್ಲಿ ಬರೆಯಬೇಕಾದದ್ದು 900 ಗ್ರಾಂ ಎಂದೇ. ಕೊರಿಯರ್‌ಗೆ ಬೇಕಾದ ತೂಕ ಬೇರೆ, ಗಿರಾಕಿ ದುಡ್ಡು ಕೊಡುವ ತೂಕ ಬೇರೆ.

ಇಷ್ಟಾದರೂ 900 ಗ್ರಾಂ ಎಂಬ ಅಂಕಿಯಿಂದ ಕೊಳ್ಳುವ ಗೃಹಿಣಿಗೆ ಏನೂ ತಿಳಿಯುವುದಿಲ್ಲ. ಎಳ್ಳು ಬೀರುವುದು ಮನೆ ಲೆಕ್ಕದ ಕೆಲಸ. ತಟ್ಟೆಯಲ್ಲಿ ಎಳ್ಳುಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು, ಬಾಳೆಹಣ್ಣು, ಕಬ್ಬಿನ ತುಂಡು, ಎಲೆ ಅಡಿಕೆ, ಅರಿಶಿನ ಕುಂಕುಮ ಇಟ್ಟುಕೊಂಡು ಹೊರಡುವ ಮುನ್ನ ಯಾರ್ಯಾರ ಮನೆಗೆ ಎಂದು ಬೆರಳು ಮಡಚಿ ಎಣಿಸಿಯೇ ಎಣಿಸುತ್ತೇವೆ. ಹಾಗಾಗಿ ಮೊದಲ ಸಾಲಿನಲ್ಲೇ ‘ಹತ್ತು ಮನೆಗೆ ಬೀರಲು ಸಾಕಾಗುವಷ್ಟು: ಮನೆಗೆ 50 ಗ್ರಾಂ ಎಳ್ಳುಬೆಲ್ಲ, ಒಂದು ಅಚ್ಚು, ಒಂದು ಉಂಡೆ’ ಎಂದು ಬರೆದುಬಿಟ್ಟರೆ ಇಪ್ಪತ್ತು ಮನೆಯ ಲೆಕ್ಕ ಇರುವವರು ತಾವಾಗಿಯೇ ಎರಡು ಬಾಕ್ಸ್ ಹೇಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಉದ್ದದ ಸಂದೇಶದ ಮೊದಲ ಕೆಲವು ಸಾಲುಗಳಷ್ಟೇ ಕಾಣುತ್ತವೆ, ಮಿಕ್ಕದ್ದನ್ನು ಒತ್ತಿ ತೆರೆಯಬೇಕು. ಆ ಜಾಗವನ್ನು ಹಬ್ಬದ ಶುಭಾಶಯಕ್ಕೆ ಕೊಟ್ಟರೆ ಮನೆ ಲೆಕ್ಕ ಮರೆಯಾಗಿ ಹೋಗುತ್ತದೆ.

ಇನ್ನು ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು, ಕಡಿಮೆ ಇರುವುದನ್ನು ಕೊನೆಗೆ ಬರೆಯಬೇಕೆಂಬುದು ಆಹಾರದ ಲೇಬಲ್ಲಿಗೆ ನಮ್ಮ ದೇಶದಲ್ಲಿರುವ ನಿಯಮ. ಎಳ್ಳುಬೆಲ್ಲಕ್ಕೆ ಇದನ್ನು ಹಚ್ಚಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ನಮ್ಮ ಹಳೇ ಮೈಸೂರು ಕಡೆಯ ಅಳತೆಯಲ್ಲಿ ಕಡಲೆಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಒಂದೊಂದು ಬಟ್ಟಲು, ಎಳ್ಳು ಅರ್ಧ ಬಟ್ಟಲು ಹಾಕುವ ಮನೆಗಳು ಬಹಳ. ತೂಕ ಮಾಡಿದರೆ 500 ಗ್ರಾಂನಲ್ಲಿ ಕಡಲೆಬೀಜ 130, ಬೆಲ್ಲ 110, ಕೊಬ್ಬರಿ 100, ಹುರಿಗಡಲೆ 90, ಎಳ್ಳು 70 ಗ್ರಾಂ ಹೀಗೆ ಬರಬಹುದು. ಯಾವುದರ ಹೆಸರು ಮುಂದಿದೆಯೋ ಆ ಎಳ್ಳೇ ಪಟ್ಟಿಯ ಕೊನೆಗೆ ಬಂತು. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ, ಮಿಶ್ರಣ ಇರುವುದೇ ಹಾಗೆ. ಆದರೆ ಮಿಶ್ರಣದ ಹೆಸರಲ್ಲೋ ಚಿತ್ರದಲ್ಲೋ ಒಂದು ಪದಾರ್ಥವನ್ನು ಎತ್ತಿ ತೋರಿಸಿದರೆ ಅದು ಶೇಕಡಾ ಎಷ್ಟಿದೆ ಎಂದೂ ಹೇಳಬೇಕು. 500ರಲ್ಲಿ 70 ಅಂದರೆ ಶೇ. 14. ‘ಎಳ್ಳು ಶೇ. 14, ಬೆಲ್ಲ ಶೇ. 22’ ಎಂದು ಬರೆದ ಬಾಕ್ಸನ್ನು ನಾನಂತೂ ನಂಬಿ ಕೊಳ್ಳುತ್ತೇನೆ. ಎಳ್ಳು ಹೆಚ್ಚು ಹಾಕುವವರಿದ್ದರೆ ಅವರ ಹೆಚ್ಚುಗಾರಿಕೆ ಕಾಣುವುದೂ ಈ ಸಾಲಿನಲ್ಲೇ. ಕಡಲೆಬೀಜ ಸುರಿದು ಡಬ್ಬಿ ತುಂಬಿಸಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಲೆಕ್ಕ ಇನ್ನೊಂದು ಕೆಲಸಕ್ಕೂ ಬರುತ್ತದೆ. ‘ಕ್ಯಾಲ್ಸಿಯಂ ಭರಿತ ಎಳ್ಳು, ಮೂಳೆಗೆ ಬಲ’ ಎಂಬ ಸಾಲು ಸಂಕ್ರಾಂತಿ ಬಾಕ್ಸ್‌ಗಳಲ್ಲಿ ಬಹಳ ಕಾಣುತ್ತದೆ. ಎಳ್ಳಿನಲ್ಲಿ ಕ್ಯಾಲ್ಸಿಯಂ ಇರುವುದು ನಿಜ, ಆದರೆ ಅದರ ಬಹುಪಾಲು ಇರುವುದು ಹೊರ ಸಿಪ್ಪೆಯಲ್ಲಿ. ಬೀರುವ ಎಳ್ಳುಬೆಲ್ಲ ಬೆಳ್ಳಗೆ ಕಾಣಲಿ ಎಂದು ನಾವು ತರುವುದು ಸಿಪ್ಪೆ ತೆಗೆದ, ಅಂಗಡಿಯವರು ಪಾಲಿಶ್ ಎಳ್ಳು ಎನ್ನುವ ಬಿಳಿ ಎಳ್ಳು. ಸಿಪ್ಪೆಯ ಜೊತೆಗೇ ಕ್ಯಾಲ್ಸಿಯಂ ಹೆಚ್ಚಿನಂಶ ಹೋಗಿರುತ್ತದೆ. ಅದರ ಮೇಲೆ, 50 ಗ್ರಾಂ ಪೊಟ್ಟಣದಲ್ಲಿ ಬರುವ ಎಳ್ಳು 7 ಗ್ರಾಂ ಮಾತ್ರ. ಈ ಏಳು ಗ್ರಾಂನ ಮೇಲೆ ಮೂಳೆಯ ಬಲ ಹೊರಿಸುವುದು ಸರಿಯಲ್ಲ. ಬಿಳಿ ಎಳ್ಳು ಎಂದು ಬರೆಯಿರಿ, ಸಿಪ್ಪೆ ತೆಗೆದದ್ದೋ ಅಲ್ಲವೋ ಬರೆಯಿರಿ, ಸಾಕು.

ಬಣ್ಣ ಹೇಳುವುದಕ್ಕೆ ಬೇರೆ ಕಾರಣವೂ ಇದೆ. ಕರಿ ಎಳ್ಳು ತರ್ಪಣಕ್ಕೆ, ಪಿತೃಕಾರ್ಯಕ್ಕೆ ಬಳಸುವಂಥದ್ದು ಎಂದು ಹಬ್ಬದ ತಟ್ಟೆಯಲ್ಲಿ ಇಡದ ಮನೆಗಳು ಎಷ್ಟೋ ಇವೆ. ಎಳ್ಳುಂಡೆಗೆ ಕರಿ ಎಳ್ಳೇ ರುಚಿ ಎನ್ನುವವರೂ ಇದ್ದಾರೆ. ಎರಡೂ ಸರಿಯೇ. ಆದರೆ ಬಾಕ್ಸ್ ತೆರೆದ ಮೇಲೆ ಮನೆಯ ಹಿರಿಯರು ಮುಖ ಸಣ್ಣ ಮಾಡಿಕೊಳ್ಳುವ ಪ್ರಸಂಗ ಬರಬಾರದು ಅಂದರೆ ಉಂಡೆ ಯಾವ ಎಳ್ಳಿನದ್ದು ಎಂದು ಮೊದಲೇ ಹೇಳಿರಬೇಕು.

ಈಗ ಬೆಲ್ಲ. ವಿವರಣೆಗಳು ಹೆಚ್ಚು ಎಡವುವುದು ಇಲ್ಲಿ. ‘ಸಕ್ಕರೆರಹಿತ’, ‘ಮಧುಮೇಹಿಗಳೂ ತಿನ್ನಬಹುದು’ ಎಂದು ಬರೆಯುವವರಿದ್ದಾರೆ. ಬೆಲ್ಲ ಎಂದರೇ ಸಕ್ಕರೆಯ ಅಂಶ. ಕಬ್ಬಿನ ಬೆಲ್ಲದಲ್ಲಿ ತೇವಾಂಶ ಬಿಟ್ಟು ಲೆಕ್ಕ ಹಾಕಿದರೆ ಒಟ್ಟು ಸಕ್ಕರೆ ಶೇ. 90ಕ್ಕಿಂತ ಕಡಿಮೆ ಇರಬಾರದು ಎಂದೇ ನಮ್ಮ ಆಹಾರ ಸುರಕ್ಷತಾ ಮಾನದಂಡ ಹೇಳುತ್ತದೆ. ಬೆಲ್ಲ ಹಾಕಿದ ತಿಂಡಿಯನ್ನು ಸಕ್ಕರೆ ಸೇರಿಸಿಲ್ಲ ಎಂದು ಮಾರುವುದು ಕಾನೂನಿಗೂ ವಿರುದ್ಧ, ತಿನ್ನುವವರಿಗೂ ಅಪಾಯ. ಡಬ್ಬಿಯ ಮೇಲಿನ ಆ ಒಂದು ಮಾತನ್ನು ನಂಬಿ ನಾಲ್ಕು ಉಂಡೆ ತಿನ್ನುವ ಅಜ್ಜನೊಬ್ಬ ಯಾವುದೋ ಮನೆಯಲ್ಲಿ ಇದ್ದೇ ಇರುತ್ತಾನೆ. ನಮ್ಮ ಬಾಕ್ಸ್‌ನಲ್ಲಿ ಸಕ್ಕರೆ ಅಚ್ಚು ಬೇರೆ ಇದೆ.

‘ರಾಸಾಯನಿಕರಹಿತ ಬೆಲ್ಲ’ ಎಂಬುದು ಇನ್ನೊಂದು. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಮಡ್ಡಿ ಎತ್ತಲು ಬೆಂಡೆ ಗಿಡದ ಲೋಳೆ ಹಾಕುವ ಪದ್ಧತಿ ಹಳೆಯದು. ಬೆಲ್ಲ ತಿಳಿ ಹಳದಿ ಬಣ್ಣಕ್ಕೆ ಬರಲೆಂದು ಹೈಡ್ರೋಸ್ ಹಾಕುವುದು ಆಮೇಲೆ ಬಂದದ್ದು. ಅದರಿಂದ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಅಂಶ ಉಳಿಯುತ್ತದೆ. ಕಾನೂನು ಕಿಲೋಗೆ 70 ಮಿಲಿಗ್ರಾಂವರೆಗೆ ಮಾತ್ರ ಒಪ್ಪುತ್ತದೆ. ತೀರಾ ಹಳದಿ ಹೊಳಪಿನ ಬೆಲ್ಲ ಕಂಡರೆ ಅನುಮಾನ ಪಡುವುದು ಸರಿ, ಆದರೆ ಕಂದು ಬಣ್ಣ ಇದ್ದಮಾತ್ರಕ್ಕೆ ಏನೂ ಹಾಕಿಲ್ಲ ಎಂದು ಕಣ್ಣಲ್ಲಿ ನೋಡಿ ಖಾತ್ರಿ ಹೇಳಲು ಯಾರಿಗೂ ಆಗುವುದಿಲ್ಲ. ಅದಕ್ಕೆ ಪರೀಕ್ಷೆಯೇ ಆಗಬೇಕು. ಹಾಗಿರುವಾಗ ಕೈಲಿಲ್ಲದ ಖಾತ್ರಿಯನ್ನು ಬರೆಯುವುದಕ್ಕಿಂತ ಗೊತ್ತಿರುವುದನ್ನು ಬರೆಯುವುದು ಮೇಲು: ‘ಕಂದು ಬಣ್ಣದ ಅಚ್ಚು ಬೆಲ್ಲ, ಮಂಡ್ಯದ ಆಲೆಮನೆಯಿಂದ ತಂದದ್ದು’. ಮಂಡ್ಯದಿಂದ ತಂದಿದ್ದರೆ ಮಾತ್ರ ಮಂಡ್ಯ ಎನ್ನಬೇಕು, ತಿಪಟೂರಿನ ಕೊಬ್ಬರಿಯಾದರೆ ಮಾತ್ರ ತಿಪಟೂರು ಎನ್ನಬೇಕು. ಸಾವಯವ ಎಂಬ ಪದವೂ ಅಷ್ಟೇ, ಅದರ ಹಿಂದೆ ಪ್ರಮಾಣಪತ್ರ ಇರಬೇಕು.

ಸಕ್ಕರೆ ಅಚ್ಚಿನ ಬಗ್ಗೆ ಎಲ್ಲರೂ ಅದರ ಆಕಾರವನ್ನಷ್ಟೇ ಹೇಳುತ್ತಾರೆ: ಗೋಪುರ, ಆನೆ, ಹೂವು, ಬಾಳೆಗೊನೆ. ಹೇಳಬೇಕಾದ ಇನ್ನೊಂದು ವಿಷಯ ಅದರೊಳಗೆ ಇದೆ. ಸಕ್ಕರೆ ಪಾಕ ಕುದಿಯುವಾಗ ಸ್ವಲ್ಪ ಹಾಲು ಹಾಕಿ ಮೇಲೆ ಬಂದ ಕೊಳೆಯನ್ನು ಸೋಸಿ ತೆಗೆಯುತ್ತಾರೆ, ಆಮೇಲೆ ತಿಳಿಪಾಕವನ್ನು ಮತ್ತೆ ಕಾಯಿಸಿ, ನೀರಲ್ಲಿ ನೆನೆಸಿಟ್ಟ ಮರದ ಅಚ್ಚಿಗೆ ಹೊಯ್ಯುತ್ತಾರೆ. ಅಂದರೆ ಅಪ್ಪಟ ಬಿಳಿ ಅಚ್ಚಿನಲ್ಲೂ ಹಾಲಿನ ಅಂಶ ಇರಬಹುದು. ಹಾಲು ಆಗದವರಿಗೆ, ಪ್ರಾಣಿಜನ್ಯ ಯಾವುದನ್ನೂ ತಿನ್ನದವರಿಗೆ ಇದು ತಿಳಿಯಬೇಕಾದ ಸಂಗತಿ. ಗುಲಾಬಿ, ಹಳದಿ ಅಚ್ಚು ಇದ್ದರೆ ಯಾವ ಬಣ್ಣ ಹಾಕಿದ್ದೀರಿ ಎಂದೂ ಬರೆಯಬೇಕು. ಬಣ್ಣವನ್ನೇ ಹಾಕದಿದ್ದರೆ ‘ಬಣ್ಣ ಹಾಕಿಲ್ಲ’ ಎಂಬ ಎರಡು ಪದ ಬಹಳ ಗಿರಾಕಿಗಳನ್ನು ತರುತ್ತದೆ.

ಇಲ್ಲಿಗೆ ಅಲರ್ಜಿಯ ಮಾತು ಬಂತು. ಕಡಲೆಬೀಜದ ಅಲರ್ಜಿ ಇರುವವರಿಗೆ ಒಂದು ಚೂರು ತಾಗಿದರೂ ಉಸಿರು ಕಟ್ಟುವ ಸ್ಥಿತಿ ಬರಬಹುದು. ಕಡಲೆಬೀಜ, ಹಾಲು ಎರಡೂ ನಮ್ಮ ಲೇಬಲ್ ನಿಯಮಗಳಲ್ಲಿ ಕಡ್ಡಾಯವಾಗಿ ಹೇಳಲೇಬೇಕಾದ ಅಲರ್ಜಿಕಾರಕಗಳು. ಎಳ್ಳು ಆ ಪಟ್ಟಿಯಲ್ಲಿ ಇಲ್ಲ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳನ್ನೂ ಪ್ರಮುಖ ಅಲರ್ಜಿಕಾರಕಗಳ ಪಟ್ಟಿಗೆ ಸೇರಿಸಿದ್ದಾರೆ, ಯುರೋಪಿನಲ್ಲಿ ಅದಕ್ಕೂ ಮೊದಲಿಂದ ಇದೆ. ನಮ್ಮ ಎಳ್ಳುಬೆಲ್ಲ ಮಗಳ ಮನೆಗೆಂದು ನ್ಯೂಜೆರ್ಸಿಗೋ ಲಂಡನ್ನಿಗೋ ಹೋಗುವುದು ಈಗ ಮಾಮೂಲು, ಅಲ್ಲಿ ಅದನ್ನು ಆಫೀಸಿನ ಗೆಳೆಯರಿಗೂ ಹಂಚುತ್ತಾರೆ. ಕೊಡುವವರಿಗೆ ಎಳ್ಳು ಶುಭದ ಪದಾರ್ಥ, ತೆಗೆದುಕೊಳ್ಳುವವರಲ್ಲಿ ಒಬ್ಬರಿಗೆ ಅದು ಆಸ್ಪತ್ರೆಯ ದಾರಿಯಾಗಬಹುದು. ಆದ್ದರಿಂದ ಇಲ್ಲಿನ ಕಾನೂನು ಕೇಳದಿದ್ದರೂ ಎಳ್ಳನ್ನು ಸೇರಿಸಿಯೇ ಬರೆಯಬೇಕೆಂಬುದು ನನ್ನ ಅಭಿಪ್ರಾಯ. ಇನ್ನೊಂದು ಎಚ್ಚರ: ಬರೇ ‘ಕಡಲೆ’ ಎಂದು ಬರೆಯಬೇಡಿ. ಒಂದು ಕಡೆಯವರು ಅದನ್ನು ಹುರಿಗಡಲೆ ಎಂದುಕೊಂಡಾರು. ‘ಕಡಲೆಬೀಜ (ಶೇಂಗಾ)’, ‘ಹುರಿಗಡಲೆ (ಪುಟಾಣಿ)’ ಎಂದು ಎರಡೂ ಹೆಸರು ಇರಲಿ. ಕಡಲೆಬೀಜ ಇಲ್ಲದ ಬಾಕ್ಸ್ ಕೇಳಿದವರಿಗೆ, ಅದೇ ಬಾಣಲೆ, ಅದೇ ಮೊರದಲ್ಲಿ ಕಡಲೆಬೀಜವನ್ನೂ ಹುರಿದು ಕೇರುತ್ತೇವೆ ಎಂಬುದನ್ನು ಹೇಳಿಬಿಡಬೇಕು. ಅದರಿಂದ ಒಂದು ಆರ್ಡರ್ ಹೋಗಬಹುದು. ಹೋಗಲಿ.

ಎಷ್ಟು ದಿನ ಇಡಬಹುದು ಎಂಬುದಕ್ಕೆ ಉತ್ತರ ಕೊಡಬೇಕಾದರೆ ಏನು ಕೆಡುತ್ತದೆ, ಯಾವುದು ಮೊದಲು ಕೆಡುತ್ತದೆ ಎಂಬುದು ಗೊತ್ತಿರಬೇಕು. ಎಳ್ಳುಬೆಲ್ಲದಲ್ಲಿ ಎರಡು ಶತ್ರುಗಳು. ಒಂದು ಬೆಲ್ಲದ ಪಸೆ. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಪಕ್ಕದ ಹುರಿಗಡಲೆಯನ್ನೂ ಮೆತ್ತಗೆ ಮಾಡುತ್ತದೆ. ಇದಕ್ಕೇ ಬೆಲ್ಲವನ್ನು ಸಣ್ಣಗೆ ಹೆಚ್ಚಿ ಎರಡು ಮೂರು ದಿನ ಬಿಸಿಲಲ್ಲಿ ಒಣಗಿಸುವುದು, ಹುರಿದ ಎಳ್ಳು, ಕಡಲೆಬೀಜ ಪೂರ್ತಿ ಆರಿದ ಮೇಲೆಯೇ ಬೆರೆಸುವುದು. ಬಿಸಿ ಇರುವಾಗ ಬೆರೆಸಿದ್ದರೆ ಬೆಲ್ಲದ ಅಂಚು ಕರಗಿ ಎಳ್ಳು ಅದಕ್ಕೆ ಅಂಟಿಕೊಂಡು ಗಂಟುಗಂಟಾಗಿರುತ್ತದೆ, ಪೊಟ್ಟಣ ಅಲುಗಿಸಿದರೆ ಗೊತ್ತಾಗುತ್ತದೆ. ಇನ್ನೊಂದು ಶತ್ರು ಎಣ್ಣೆಯ ಕಮಟು. ಎಳ್ಳಿನಲ್ಲಿ ಅರ್ಧದಷ್ಟು ಎಣ್ಣೆಯೇ, ಕೊಬ್ಬರಿಯಲ್ಲಿ ಇನ್ನೂ ಹೆಚ್ಚು. ಹೆಚ್ಚಿದ ಕೊಬ್ಬರಿಯಲ್ಲಿ ಕಮಟು ವಾಸನೆ ಬೇಗ ಏಳುತ್ತದೆ, ಡಬ್ಬಿ ತೆರೆದ ಕೂಡಲೇ ಮೂಗಿಗೆ ಬಡಿಯುತ್ತದೆ. ಇಲ್ಲಿ ಊಹೆಯ ದಿನಾಂಕ ಬರೆಯುವ ಬದಲು ಒಂದು ಕೆಲಸ ಮಾಡಬಹುದು. ಹಬ್ಬಕ್ಕೆ ಮುಂಚೆ ಒಂದು ಸಣ್ಣ ಒಬ್ಬೆ ಮಾಡಿ, ಮಾರುವ ಪೊಟ್ಟಣದಲ್ಲೇ ಹಾಕಿ ಮುಚ್ಚಿ, ವಾರಕ್ಕೊಂದರಂತೆ ತೆರೆದು ಮೂಸಿ, ತಿಂದು ನೋಡಿ. ಐದನೇ ವಾರ ಹುರಿಗಡಲೆ ಮೆತ್ತಗಾಯಿತು ಅಂದರೆ ಡಬ್ಬಿಯ ಮೇಲೆ ‘ಮೂರು ವಾರದೊಳಗೆ ಬಳಸಿ’ ಎಂದು ಬರೆಯುವುದು ಧೈರ್ಯದ ಮಾತಾಗುತ್ತದೆ.

ಎಳ್ಳುಂಡೆಯ ವಿಷಯದಲ್ಲಿ ಗಿರಾಕಿಗೆ ಬೇಕಾದ ಮಾಹಿತಿ ಬೇರೆ. ಪಾಕ ಹೇಗೆ ತೆಗೆದಿದ್ದೀರಿ ಎಂಬುದರ ಮೇಲೆ ಅದರ ಗುಣ ನಿಂತಿದೆ. ಬೆಲ್ಲದ ಪಾಕದ ಹನಿಯನ್ನು ನೀರಿನ ಬಟ್ಟಲಿಗೆ ಬಿಟ್ಟಾಗ ಬೆರಳಲ್ಲಿ ಮೆತ್ತಗಿನ ಉಂಡೆ ಕಟ್ಟಲು ಬಂದರೆ ಎಳ್ಳುಂಡೆ ಕಚ್ಚಿದೊಡನೆ ಬಿರಿಯುತ್ತದೆ. ಹನಿ ಗಟ್ಟಿಯಾಗಿ ಬಟ್ಟಲಿಗೆ ಬಡಿದರೆ ಟಣ್ ಎನ್ನುವಷ್ಟು ಪಾಕ ಏರಿದರೆ ಅದು ಚಿಕ್ಕಿಯ ಪಾಕ, ಉಂಡೆ ಕಟ್ಟಿದರೆ ಕಲ್ಲಾಗುತ್ತದೆ. ವಯಸ್ಸಾದವರ ಮನೆಗೆ ಕಳಿಸುವವರಿಗೆ ‘ಮೆತ್ತನೆಯ ಪಾಕ, ಹಲ್ಲಿಗೆ ಕಷ್ಟವಿಲ್ಲ’ ಎಂಬ ಸಾಲು ‘ಬಾಯಲ್ಲಿ ನೀರೂರಿಸುವ’ ಎಂಬುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಧಾರವಾಡ, ವಿಜಯಪುರದ ಕಡೆಯವರು ಮಾಡುವ ಬಾಕ್ಸ್‌ಗಳಲ್ಲಿ ಕುಸುರೆಳ್ಳು ಇರುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಿಗೆ ಅದರ ಪರಿಚಯವೇ ಇಲ್ಲ. ‘ಸಕ್ಕರೆ ಲೇಪಿತ ಎಳ್ಳು’ ಎಂದು ಬರೆದರೆ ಯಂತ್ರದಲ್ಲಿ ಮಾಡಿದ ಪೆಪ್ಪರಮಿಂಟಿನ ಹಾಗೆ ಕೇಳಿಸುತ್ತದೆ. ಸಣ್ಣ ಕಾವಿನ ಮೇಲೆ ತಟ್ಟೆಯಲ್ಲಿ ಎಳ್ಳು ಹರಡಿ, ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಡುತ್ತ, ಬೆರಳಲ್ಲೇ ಆಡಿಸುತ್ತ, ಒಂದೊಂದು ಕಾಳಿಗೂ ಮುಳ್ಳು ಮೂಡುವವರೆಗೆ ಕೂರುವ ಕೆಲಸ ಅದು. ಒಂದೇ ಕೂತಲ್ಲಿ ಮುಗಿಯುವುದಿಲ್ಲ. ಬೆಲೆ ಯಾಕೆ ಹೆಚ್ಚು ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಪ್ರೀತಿಯಿಂದ ಮಾಡಿದ್ದು ಎಂದು ಹೇಳಬೇಕಾಗಿಲ್ಲ, ಹೇಗೆ ಮಾಡಿದ್ದು ಎಂದು ಹೇಳಿದರೆ ಓದುವವರಿಗೆ ಗೊತ್ತಾಗುತ್ತದೆ.

ಇಷ್ಟೆಲ್ಲ ಸೇರಿಸಿ ನಮ್ಮ ಬಾಕ್ಸ್‌ಗೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

‘ಹತ್ತು ಮನೆಗೆ ಎಳ್ಳು ಬೀರಲು ಒಂದು ಬಾಕ್ಸ್. ಎಳ್ಳುಬೆಲ್ಲ 500 ಗ್ರಾಂ, ಸಕ್ಕರೆ ಅಚ್ಚು 10 (150 ಗ್ರಾಂ), ಎಳ್ಳುಂಡೆ 10 (250 ಗ್ರಾಂ). ನಿವ್ವಳ ತೂಕ 900 ಗ್ರಾಂ. ಎಳ್ಳುಬೆಲ್ಲದಲ್ಲಿ: ಹುರಿದು ಸಿಪ್ಪೆ ತೆಗೆದ ಕಡಲೆಬೀಜ (ಶೇಂಗಾ), ಕಂದು ಅಚ್ಚು ಬೆಲ್ಲ (ಶೇ. 22), ಕೊಬ್ಬರಿ, ಹುರಿಗಡಲೆ (ಪುಟಾಣಿ), ಸಿಪ್ಪೆ ತೆಗೆದ ಬಿಳಿ ಎಳ್ಳು (ಶೇ. 14). ಬೆಲ್ಲ, ಕೊಬ್ಬರಿ ಕೈಯಲ್ಲೇ ಹೆಚ್ಚಿ ಒಣಗಿಸಿದ್ದು. ಎಳ್ಳುಂಡೆ: ಬಿಳಿ ಎಳ್ಳು, ಬೆಲ್ಲ, ತುಪ್ಪ, ಏಲಕ್ಕಿ. ಮೆತ್ತನೆಯ ಪಾಕ. ಸಕ್ಕರೆ ಅಚ್ಚು: ಸಕ್ಕರೆ, ಹಾಲು. ಬಣ್ಣ ಹಾಕಿಲ್ಲ. ಕಡಲೆಬೀಜ, ಎಳ್ಳು, ಹಾಲಿನ ಅಂಶ ಇದೆ. ಜನವರಿ 8ರಂದು ತಯಾರಿಸಿದ್ದು, ಮೂರು ವಾರದೊಳಗೆ ಬಳಸಿ. ಫ್ರಿಜ್ ಬೇಡ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಪೊಟ್ಟಣ ಕಟ್ಟುವ ಮುನ್ನ ಎಳ್ಳುಬೆಲ್ಲವನ್ನು ಒಮ್ಮೆ ಬುಡಮೇಲು ಮಾಡಿ ಕಲಸಿ.’

ಕೊನೆಯ ಸಾಲು ಅನುಭವಸ್ಥರಿಗೆ ಮಾತ್ರ ಹೊಳೆಯುವಂಥದ್ದು. ದಾರಿಯಲ್ಲಿ ಅಲುಗಾಡಿ ಎಳ್ಳಿನ ಸಣ್ಣ ಕಾಳೆಲ್ಲ ತಳ ಸೇರಿಬಿಡುತ್ತದೆ. ಕಲಸದೆ ಮೇಲಿಂದ ತೆಗೆದು ತುಂಬಿದರೆ ಮೊದಲ ಐದು ಮನೆಗೆ ಕಡಲೆಬೀಜ, ಕೊನೆಯ ಎರಡು ಮನೆಗೆ ಬರೇ ಎಳ್ಳು. ಇದರ ಜೊತೆಗೆ ಬೆಲೆ, ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಯ ಸಂಖ್ಯೆ, ತಯಾರಿಸಿದವರ ಹೆಸರು ವಿಳಾಸ, ಸಸ್ಯಾಹಾರದ ಹಸಿರು ಗುರುತು ಡಬ್ಬಿಯ ಮೇಲೆ ಇರಬೇಕು.

ಇನ್ನೊಂದನ್ನು ಮರೆಯುವವರೇ ಹೆಚ್ಚು. ವಾಟ್ಸ್‌ಆ್ಯಪ್‌ನ ಬರಹ ಓದುವವರು ಕೊಳ್ಳುವವರು. ತಿನ್ನುವವರ ಕೈಗೆ ಬರುವುದು ಡಬ್ಬಿ ಮಾತ್ರ, ಅವರು ಆ ಸಂದೇಶವನ್ನು ನೋಡಿಯೇ ಇರುವುದಿಲ್ಲ. ಹತ್ತು ಪೊಟ್ಟಣವಾಗಿ ಹಂಚಿಹೋದ ಮೇಲೆ ಡಬ್ಬಿಯೂ ಅವರಿಗೆ ಕಾಣುವುದಿಲ್ಲ. ಹಾಗಾಗಿ ಪದಾರ್ಥಗಳ ಹೆಸರು, ಅಲರ್ಜಿಯ ಸಾಲು, ಬಳಸಬೇಕಾದ ಕೊನೆಯ ದಿನ ಇವಿಷ್ಟನ್ನು ಹತ್ತು ಸಣ್ಣ ಚೀಟಿಗಳಲ್ಲಿ ಅಚ್ಚು ಹಾಕಿಸಿ ಬಾಕ್ಸ್‌ನೊಳಗೆ ಇಟ್ಟರೆ, ಬೀರುವವರು ಪೊಟ್ಟಣಕ್ಕೆ ಒಂದೊಂದು ಸೇರಿಸಿ ಕಟ್ಟುತ್ತಾರೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ, ಪಕ್ಕದ ಫ್ಲ್ಯಾಟಿನವರು ಕನ್ನಡ ಓದದವರಿರಬಹುದು.

ದಿನಾಂಕದ ಲೆಕ್ಕ ಹಬ್ಬದಿಂದ ಹಿಂದಕ್ಕೆ ಹಾಕಬೇಕು. ಸಂಕ್ರಾಂತಿ ಕೆಲವು ವರ್ಷ ಜನವರಿ 14, ಕೆಲವು ವರ್ಷ 15. 2024ರಲ್ಲಿ 15ಕ್ಕೆ ಬಂದಿತ್ತು. ಬಾಕ್ಸ್ ಹಬ್ಬದ ಹಿಂದಿನ ದಿನವಾದರೂ ಕೈಸೇರಬೇಕು, ಪೊಟ್ಟಣ ಕಟ್ಟುವುದು ಅವತ್ತೇ. ಊರೊಳಗಿನ ಆರ್ಡರಿಗೆ ಯಾವತ್ತು ಕೊನೆ, ಹೊರ ಊರಿಗೆ ಯಾವತ್ತು ಕೊನೆ ಎಂದು ಎರಡು ದಿನಾಂಕಗಳನ್ನು ಬೇರೆಬೇರೆ ಬರೆಯಿರಿ. ಹಬ್ಬದ ಮೂರು ದಿನ ಮುಂಚೆ ಕೇಳಿಕೊಂಡು ಬಂದವರಿಗೆ ಬಿಸಿಲಲ್ಲಿ ಒಣಗದ ಬೆಲ್ಲ ಹಾಕಿ ಕೊಡುವುದಕ್ಕಿಂತ ಈ ಸಲ ಆಗುವುದಿಲ್ಲ ಎಂದು ಹೇಳುವುದು ಲೇಸು.